ಗೋಡೆ ಕಟ್ ಮಾಡುವ ಮೊದಲು ಆಡಬೇಕಾದ ಮಾತು

ಹೊಸ ಮನೆಯ ವೈರಿಂಗ್‌ನಲ್ಲಿ ಕೊಟೇಷನ್ ಮೊತ್ತಕ್ಕೆ ಜಗಳವಾಗುವುದು ಕಡಿಮೆ. ಅದನ್ನು ಎರಡೂ ಕಡೆಯವರು ನೋಡಿ, ಚೌಕಾಶಿ ಮಾಡಿ, ಒಂದು ಅಂಕಿಗೆ ಒಪ್ಪಿರುತ್ತಾರೆ. ಮನಸ್ತಾಪ ಹುಟ್ಟುವುದು ಆಮೇಲೆ ಸೇರಿಕೊಂಡ ಕೆಲಸಕ್ಕೆ. ಮಾಲೀಕರು ಭಾನುವಾರ ಮನೆ ನೋಡಲು ಬರುತ್ತಾರೆ, ಗೋಡೆಯ ಮುಂದೆ ನಿಂತು "ಇಲ್ಲೊಂದು ಪ್ಲಗ್ ಕೊಟ್ಬಿಡಿ" ಎನ್ನುತ್ತಾರೆ. ಎಲೆಕ್ಟ್ರಿಷಿಯನ್ "ಆಯ್ತು ಸಾರ್" ಎನ್ನುತ್ತಾನೆ. ಮಾಲೀಕರ ಮಟ್ಟಿಗೆ ಅದು ಸಣ್ಣದೊಂದು ಅನುಕೂಲ, ಒಪ್ಪಿದ ದುಡ್ಡಿನೊಳಗೇ ಬಂತು. ಎಲೆಕ್ಟ್ರಿಷಿಯನ್ ಮಟ್ಟಿಗೆ ಅದು ಇನ್ನೊಂದು ಪಾಯಿಂಟ್, ಕೊನೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ಇಬ್ಬರೂ ಪ್ರಾಮಾಣಿಕರೇ. ಆದರೆ ಒಂದೇ "ಆಯ್ತು"ವನ್ನು ಎರಡು ಲೆಕ್ಕದಲ್ಲಿ ಇಟ್ಟುಕೊಂಡಿದ್ದಾರೆ, ಮತ್ತು ಅದು ಬಿಲ್ ಕೈಗೆ ಬರುವತನಕ ಯಾರಿಗೂ ಗೊತ್ತಾಗುವುದಿಲ್ಲ.

ಹೆಚ್ಚುವರಿ ಕೆಲಸಕ್ಕೆ ಬೇರೆ ಬಿಲ್ ಆಗುತ್ತದೆ ಎಂದು ಮೊದಲೇ ಹೇಳುವುದು ಯಾವ ಕೆಲಸದಲ್ಲೂ ಕಷ್ಟವೇ. ವೈರಿಂಗ್ ಕೆಲಸವನ್ನು ಇಲ್ಲಿ ಉದಾಹರಣೆಗೆ ಆರಿಸಿಕೊಂಡದ್ದಕ್ಕೆ ಕಾರಣವಿದೆ. ತಡವಾಗಿ ಹೇಳಿದರೆ ಏನು ನಷ್ಟ ಎಂಬುದು ಇದರಲ್ಲಿ ಕಣ್ಣಿಗೆ ಕಾಣುತ್ತದೆ.

ಮನೆಯ ವೈರಿಂಗ್ ನಾಲ್ಕು ಹಂತದಲ್ಲಿ ನಡೆಯುತ್ತದೆ. ಮೌಲ್ಡ್ ಹಾಕುವ ಮೊದಲು ಕಬ್ಬಿಣದ ಸರಳುಗಳ ನಡುವೆ ಪೈಪು ಹಾಸುತ್ತಾರೆ. ಗೋಡೆ ಎದ್ದ ಮೇಲೆ ಕಟಿಂಗ್ ಮೆಷಿನ್‌ನಿಂದ ಗೋಡೆ ಕೊರೆದು ಪೈಪು, ಬಾಕ್ಸು ಕೂರಿಸುತ್ತಾರೆ. ಪ್ಲಾಸ್ಟರಿಂಗ್ ಆಗಿ ಒಣಗಿದ ಮೇಲೆ ವೈರು ಎಳೆಯುತ್ತಾರೆ. ಪೇಂಟ್ ಮುಗಿಯುವ ಹೊತ್ತಿಗೆ ಸ್ವಿಚ್ಚು, ಫ್ಯಾನು, ಲೈಟು ಹಾಕುತ್ತಾರೆ. ಎರಡನೆಯ ಹಂತದಲ್ಲಿ ಒಂದು ಪ್ಲಗ್ ಸೇರಿಸಿದರೆ ಹೆಚ್ಚುವುದು ಇನ್ನೊಂದಿಷ್ಟು ಕಟಿಂಗ್, ಅಷ್ಟೆ. ಹೇಗಿದ್ದರೂ ಮೆಷಿನ್ ಓಡುತ್ತಿದೆ, ಧೂಳು ಎದ್ದಿದೆ. ಅದೇ ಪ್ಲಗ್ಗನ್ನು ಪ್ಲಾಸ್ಟರಿಂಗ್ ಆದ ಮೇಲೆ ಕೇಳಿದರೆ ಮುಗಿದ ಗೋಡೆಯನ್ನು ಮತ್ತೆ ಕೊರೆಯಬೇಕು, ಪೈಪು ಕೂರಿಸಿ ಸಿಮೆಂಟ್‌ನಿಂದ ಮುಚ್ಚಬೇಕು, ಅದು ಒಣಗಲು ಕಾಯಬೇಕು. ಪೇಂಟ್ ಆದ ಮೇಲೆ ಕೇಳಿದರೆ ಪೇಂಟರ್‌ನನ್ನೂ ವಾಪಸ್ ಕರೆಸಬೇಕು, ಆಗಲೂ ಆ ತೇಪೆ ಒಂದು ಬೆಳಕಿನಲ್ಲಿ ಕಂಡೇ ಕಾಣುತ್ತದೆ. ಪ್ಲಗ್ ಒಂದೇ, ಖರ್ಚು ಮೂರು ಬಗೆ. ಮಾಲೀಕರಿಗೆ ಇದು ತಿಳಿದಿರುವುದಿಲ್ಲ. ತಿಳಿಸಬೇಕಾದವನು ಕೆಲಸ ಮಾಡುವವನು.

ಲೆಕ್ಕಕ್ಕಾಗಿ ಒಂದು ಮನೆಯನ್ನು ತೆಗೆದುಕೊಳ್ಳೋಣ. 30-40ರ ಸೈಟು, ಕೆಳಗೆ ಮೇಲೆ ಎರಡು ಅಂತಸ್ತು. ಸಾಮಾನು ಮಾಲೀಕರದ್ದು, ಎಲೆಕ್ಟ್ರಿಷಿಯನ್‌ದು ಕೂಲಿ ಮಾತ್ರ. ಕೊಟೇಷನ್‌ನಲ್ಲಿ 96 ಪಾಯಿಂಟ್, ಪಾಯಿಂಟ್‌ಗೆ 500 ರೂಪಾಯಿಯಂತೆ 48,000. ಡಿಬಿ ಕೂರಿಸಿ ಅರ್ಥಿಂಗ್ ಮಾಡಿಕೊಡಲು 6,000. ಒಟ್ಟು 54,000 ರೂಪಾಯಿ. ದರ ಊರಿಂದೂರಿಗೆ ಬೇರೆ ಇರುತ್ತದೆ, ಇಲ್ಲಿನ ಅಂಕಿ ಬರೀ ಉದಾಹರಣೆ.

ಕೆಲಸ ಶುರುವಾದ ಮೇಲೆ ಬೇಡಿಕೆಗಳು ಒಂದೊಂದಾಗಿ ಬರುತ್ತವೆ. ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಿಸುವುದು ಗಟ್ಟಿಯಾಗಿ ಆರು ಲೈಟ್ ಪಾಯಿಂಟ್ ಹೆಚ್ಚಾಯಿತು, 3,000. ಮಾಲೀಕರ ಭಾವಮೈದುನ ಬಂದು ಸಿಸಿ ಕ್ಯಾಮೆರಾಕ್ಕೆ ನಾಲ್ಕು ಕಡೆ ಪೈಪು ಬಿಡಿ ಎಂದರು, 2,000. ಯುಪಿಎಸ್‌ಗೆ ಬೇರೆ ಲೈನ್ ಎಳೆಯಬೇಕಾಯಿತು, 2,500. ಪ್ಲಾಸ್ಟರಿಂಗ್ ಮುಗಿದ ಮೇಲೆ ಮಹಡಿ ರೂಮಿನಲ್ಲಿ ಮಂಚ ಎಲ್ಲಿ ಬರುತ್ತದೆ ಎಂದು ನೋಡಿ ಎಸಿ ಪಾಯಿಂಟನ್ನು ಇನ್ನೊಂದು ಗೋಡೆಗೆ ಬದಲಿಸಲು ಹೇಳಿದರು, 1,800. ಗೇಟಿನ ಹತ್ತಿರ ಒಂದು ಬೆಲ್ ಸ್ವಿಚ್ಚು. ಬೆಲ್ ಬಿಟ್ಟರೂ ಹೆಚ್ಚುವರಿ 9,300 ರೂಪಾಯಿ.

ಇದನ್ನು ಕೊನೆಯಲ್ಲಿ ಒಂದೇ ಸಲ 63,300ರ ಬಿಲ್ ಮಾಡಿ ಕೊಟ್ಟರೆ ಏನಾಗುತ್ತದೆ? ಬಿಲ್ ಹೋಗುವ ಸಮಯವನ್ನು ಗಮನಿಸಬೇಕು. ವೈರಿಂಗ್ ಕೆಲಸ ಮುಗಿಯುವುದು ಗೃಹಪ್ರವೇಶದ ಆಸುಪಾಸಿನಲ್ಲಿ. ಬ್ಯಾಂಕಿನ ಸಾಲದ ಕೊನೆಯ ಕಂತು ಆಗಲೇ ಟೈಲ್ಸ್‌ಗೋ ಮರಗೆಲಸಕ್ಕೋ ಹೋಗಿರುತ್ತದೆ. ಅಡುಗೆಯವರಿಗೆ, ಶಾಮಿಯಾನಕ್ಕೆ, ಪುರೋಹಿತರಿಗೆ ಕೊಡುವ ದುಡ್ಡು ಎಣಿಸಿಟ್ಟಿರುತ್ತಾರೆ. ಮಾಲೀಕರ ಕೈಯಲ್ಲಿ ಇಡೀ ಕಟ್ಟಡದ ಕಾಲದಲ್ಲೇ ಅತಿ ಕಡಿಮೆ ದುಡ್ಡಿರುವ ವಾರದಲ್ಲಿ, ಅವರು ಎಣಿಸದೇ ಇದ್ದ 9,300 ಬಂದು ಕೂರುತ್ತದೆ. "ಮೊದಲೇ ಹೇಳಿದ್ರೆ ಎಸಿ ಅಲ್ಲೇ ಇರಲಿ ಅಂತಿದ್ದೆ" ಎಂದು ಅವರು ಹೇಳುವುದು ಎಷ್ಟೋ ಸಲ ನಿಜವೂ ಹೌದು. 1,800 ಎಂದು ಗೊತ್ತಿದ್ದರೆ ಮಂಚವನ್ನೇ ತಿರುಗಿಸುತ್ತಿದ್ದರು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ದರ ಹೇಳಬೇಕಾದದ್ದು ಮಾಲೀಕರಿಗೆ "ಬೇಡ" ಎನ್ನಲು ಇನ್ನೂ ಅವಕಾಶ ಇರುವಾಗ. ಗೋಡೆ ಕಟ್ ಆದ ಮೇಲೆ ಹೇಳಿದರೆ ಅದು ಬರೀ ಸುದ್ದಿ.

ಹಾಗಾದರೆ ಹೇಗೆ ಹೇಳುವುದು? ಸ್ಥಳದಲ್ಲೇ, ಕೇಳಿದ ಕೂಡಲೇ, ಒಂದು ಮಾತು. "ಮಾಡಿಕೊಡ್ತೀನಿ ಮೇಡಂ, ಆದ್ರೆ ಇದು ಕೊಟೇಷನ್‌ನಲ್ಲಿ ಇಲ್ಲ, ಬೇರೆ ಆಗುತ್ತೆ. ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿ ಸಂಜೆ ಸಾರ್‌ಗೆ ಮೆಸೇಜ್ ಹಾಕ್ತೀನಿ, ಅವರು ಹೂಂ ಅಂದ ಮೇಲೆ ಶುರು ಮಾಡ್ತೀವಿ." ಇಷ್ಟು ಸಾಕು. ಮೊದಲು "ಮಾಡಿಕೊಡ್ತೀನಿ" ಬರಲಿ. ಕೆಲಸಕ್ಕೆ ತಕರಾರಿಲ್ಲ ಎಂದು ಗೊತ್ತಾದ ಮೇಲೆ ದುಡ್ಡಿನ ಮಾತು ಯಾರಿಗೂ ಒರಟಾಗಿ ಕೇಳಿಸುವುದಿಲ್ಲ. ಸಂಜೆ ಹೋಗುವ ಮೆಸೇಜು ಸುಮಾರಾಗಿ ಹೀಗಿರಬಹುದು:

"ಸಾರ್ ನಮಸ್ಕಾರ. ಇವತ್ತು ಮೇಡಂ ಮಹಡಿ ರೂಮಿನ ಎಸಿ ಪಾಯಿಂಟನ್ನು ಪೂರ್ವದ ಗೋಡೆಯಿಂದ ಉತ್ತರದ ಗೋಡೆಗೆ ಬದಲಿಸಲು ಹೇಳಿದ್ದಾರೆ. ಇದು ಕೊಟೇಷನ್‌ನಲ್ಲಿ ಸೇರಿಲ್ಲ. ಪ್ಲಾಸ್ಟರಿಂಗ್ ಆಗಿರುವುದರಿಂದ ಗೋಡೆ ಮತ್ತೆ ಕಟ್ ಮಾಡಬೇಕು. ಕೂಲಿ 1,800 ರೂಪಾಯಿ ಬೇರೆ ಆಗುತ್ತದೆ. ಪೈಪು, ವೈರು, ಬಾಕ್ಸು ಎಂದಿನಂತೆ ನಿಮ್ಮದು. ಸಿಮೆಂಟ್ ಹಾಕಿ ಮುಚ್ಚಿಕೊಡುತ್ತೇವೆ, ಪುಟ್ಟಿ ಮತ್ತು ಪೇಂಟ್ ನಮ್ಮದಲ್ಲ. ಗುರುವಾರ ಪುಟ್ಟಿಯವರು ಬರುತ್ತಿದ್ದಾರೆ. ಬುಧವಾರ ಸಂಜೆಯೊಳಗೆ ಹೇಳಿದರೆ ಮಾಡುತ್ತೇವೆ. ಬೇಡ ಎಂದರೆ ಈಗಿರುವ ಜಾಗದಲ್ಲೇ ಇರಲಿ, ಅದಕ್ಕೆ ಏನೂ ಹೆಚ್ಚಾಗುವುದಿಲ್ಲ."

ಈ ಮೆಸೇಜಿನಲ್ಲಿ ಯಾರು, ಯಾವತ್ತು, ಏನು ಕೇಳಿದರು ಎಂಬುದಿದೆ. ಯಾಕೆ ಬೇರೆ ದುಡ್ಡು ಎಂಬುದಕ್ಕೆ ಒಂದು ಸಾಲಿನ ಕಾರಣವಿದೆ. ಎಷ್ಟು ಎಂಬುದು ಅಂಕಿಯಲ್ಲಿದೆ, ಆ ಅಂಕಿಯ ಒಳಗೆ ಏನು ಬರುವುದಿಲ್ಲ ಎಂಬುದೂ ಇದೆ. ಪುಟ್ಟಿ, ಪೇಂಟಿನ ಆ ಸಾಲು ಬಿಟ್ಟುಹೋದರೆ ಎರಡನೆಯ ಜಗಳಕ್ಕೆ ಅಲ್ಲೇ ಬೀಜ ಬಿದ್ದಂತೆ. ಗಡುವು ಬೆದರಿಕೆಯಂತೆ ಕೇಳಿಸುವುದಿಲ್ಲ, ಯಾಕೆಂದರೆ ಅದು ಎಲೆಕ್ಟ್ರಿಷಿಯನ್ ಇಟ್ಟ ಗಡುವಲ್ಲ, ಪುಟ್ಟಿಯವರು ಬರುವ ದಿನ. ಕೊನೆಯಲ್ಲಿ ಬೇಡ ಎನ್ನುವ ದಾರಿಯನ್ನು ಅವನೇ ತೋರಿಸಿಕೊಟ್ಟಿದ್ದಾನೆ. ಈ ಕೊನೆಯ ಸಾಲನ್ನು ಬರೆಯಲು ಹೆಚ್ಚಿನವರಿಗೆ ಮನಸ್ಸಾಗುವುದಿಲ್ಲ, ಬಂದ ಕೆಲಸ ಕೈತಪ್ಪುತ್ತದೆ ಎಂಬ ಅಳುಕು. ಆದರೆ ಬೇಡ ಎನ್ನಬಹುದಾಗಿದ್ದೂ ಬೇಕು ಎಂದವರು ಆಮೇಲೆ ಆ ದುಡ್ಡಿಗೆ ತಕರಾರು ತೆಗೆಯುವುದು ಅಪರೂಪ.

ಇದಕ್ಕೆ ಬದಲಾಗಿ ನಮ್ಮಲ್ಲಿ ಚಾಲ್ತಿಯಲ್ಲಿರುವ ಮಾತು "ಸ್ವಲ್ಪ ಎಕ್ಸ್‌ಟ್ರಾ ಆಗುತ್ತೆ ಸಾರ್". ಹೇಳಿದವನಿಗೆ ತಾನು ಹೇಳಿದ್ದೇನೆ ಎಂಬ ಸಮಾಧಾನ. ಕೇಳಿದವರು ಮುನ್ನೂರೋ ನಾನೂರೋ ಎಂದುಕೊಂಡಿರುತ್ತಾರೆ. ಅಂಕಿ ಇಲ್ಲದ ಎಚ್ಚರಿಕೆ, ಏನೂ ಹೇಳದೆ ಇದ್ದದ್ದಕ್ಕಿಂತ ಕೆಡುಕು ಮಾಡುವುದೂ ಉಂಟು. ಹೇಳಿದ್ದೆ ಎಂದು ಇವನೂ, ಇಷ್ಟು ಅಂತ ಹೇಳಲೇ ಇಲ್ಲ ಎಂದು ಅವರೂ ಹಟಕ್ಕೆ ಬೀಳುತ್ತಾರೆ. ನಿಜವಾಗಿಯೂ ಅಂಕಿ ಗೊತ್ತಾಗದ ಕೆಲಸಗಳೂ ಇವೆ. ಹಳೆಯ ಮನೆಯಲ್ಲಿ ಪೈಪು ಎಲ್ಲಿ ಕಟ್ಟಿಕೊಂಡಿದೆ ಎಂದು ಬಿಚ್ಚದೆ ಹೇಳಲಾಗದು. ಆಗ ಮೇಲಿನ ಮಿತಿಯನ್ನು ಹೇಳಬೇಕು: "ದಿನಗೂಲಿ ಲೆಕ್ಕ, 2,500 ದಾಟೋದಿಲ್ಲ. ದಾಟೋ ಹಾಗಿದ್ರೆ ಕೆಲಸ ನಿಲ್ಲಿಸಿ ಫೋನ್ ಮಾಡ್ತೀನಿ."

ಮೆಸೇಜು ಯಾರಿಗೆ ಹೋಗಬೇಕು ಎಂಬುದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಮನೆ ಕಟ್ಟಿಸುವಾಗ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ದುಡ್ಡು ಕೊಡುತ್ತಾರೆ. ಭಾವಮೈದುನ ಕ್ಯಾಮೆರಾಕ್ಕೆ ಪೈಪು ಬಿಡಿ ಎಂದದ್ದು ಒಳ್ಳೆಯ ಮನಸ್ಸಿನಿಂದಲೇ, ಆದರೆ 2,000 ಕೊಡುವವರು ಅವರಲ್ಲ. ಎಂಜಿನಿಯರ್ ಹೇಳಿರಬಹುದು, ಮೇಸ್ತ್ರಿ ಹೇಳಿರಬಹುದು, ಊರಿಂದ ಬಂದ ಅಜ್ಜ ದೇವರ ಮನೆಗೆ ಇನ್ನೊಂದು ದೀಪ ಬೇಕೆಂದಿರಬಹುದು. ಯಾರಿಗೂ ಎದುರಾಡಬೇಕಿಲ್ಲ. "ಸಾರ್‌ಗೆ ಒಂದು ಮಾತು ತಿಳಿಸಿ ಮಾಡ್ತೀನಿ" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಪ್ಪಿಗೆ ಬರಬೇಕಾದದ್ದು ಕೊಟೇಷನ್ ಒಪ್ಪಿದವರಿಂದ. ಉತ್ತರ ಬರದಿದ್ದರೆ ಮೆಸೇಜ್ ನೋಡಿದ್ದಾರೆ ಎಂಬ ನೀಲಿ ಗುರುತನ್ನು ಒಪ್ಪಿಗೆ ಎಂದುಕೊಳ್ಳಬಾರದು. ಫೋನ್ ಮಾಡಿ ಕೇಳಿ, ಫೋನಿನಲ್ಲಿ ಹೂಂ ಎಂದರೆ "ಈಗ ಮಾತಾಡಿದಂತೆ ಎಸಿ ಪಾಯಿಂಟ್ ಬದಲಿಸುತ್ತೇವೆ, 1,800" ಎಂದು ಒಂದು ಸಾಲು ಹಾಕಿಬಿಡುವುದು ಒಳ್ಳೆಯದು. ಅದೂ ಆಗಲಿಲ್ಲವೆಂದರೆ ಉಳಿದ ಕೆಲಸ ಮುಂದುವರಿಸಿ ಆ ಗೋಡೆಯೊಂದನ್ನು ಮುಟ್ಟದೆ ಬಿಡಬೇಕು. ಪ್ಲಾಸ್ಟರಿಂಗ್ ಇನ್ನೂ ಆಗಿಲ್ಲದಿದ್ದರೆ ನಡುವಿನ ದಾರಿಯೊಂದಿದೆ. ಖಾಲಿ ಪೈಪು, ಒಳಗೊಂದು ತಂತಿ, ಮುಚ್ಚಿದ ಬಾಕ್ಸು ಇಷ್ಟನ್ನು ಈಗ ಕಡಿಮೆ ಕೂಲಿಗೆ ಮಾಡಿಟ್ಟು, ವೈರು ಎಳೆಯುವುದನ್ನು ಅವರು ತೀರ್ಮಾನ ಮಾಡಿದ ಮೇಲೆ ಮಾಡಬಹುದು. ಅದಕ್ಕೂ ಒಪ್ಪಿಗೆ ಬೇಕು, ಆದರೆ ಮೊತ್ತ ಚಿಕ್ಕದಾದ್ದರಿಂದ ಬೇಗ ಸಿಗುತ್ತದೆ.

ಇಲ್ಲಿ ಮಾಲೀಕರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಕೊಟೇಷನ್‌ಗಿಂತ ಹೆಚ್ಚು ಖರ್ಚಾದದ್ದೆಲ್ಲ ಹೆಚ್ಚುವರಿ ಕೆಲಸವಲ್ಲ. ಎಂಟು ದಿನ ಎಂದುಕೊಂಡದ್ದು ಹನ್ನೆರಡು ದಿನ ಹಿಡಿದರೆ ಅದು ಅಂದಾಜು ಹಾಕಿದವನ ಲೆಕ್ಕದ ತಪ್ಪು. ವೈರು ಎಳೆಯುವಾಗ ಮೌಲ್ಡಿನೊಳಗಿನ ಪೈಪಿಗೆ ಸಿಮೆಂಟ್ ಹಾಲು ಇಳಿದು ಕಟ್ಟಿಕೊಂಡಿದೆ ಎಂದು ಗೊತ್ತಾಯಿತೆನ್ನಿ. ಕಾಂಕ್ರೀಟ್ ಹಾಕುವ ದಿನ ಜಾಯಿಂಟ್‌ಗಳನ್ನು ಸರಿಯಾಗಿ ಅಂಟಿಸಿ, ಒಬ್ಬ ಹುಡುಗನನ್ನು ಅಲ್ಲೇ ನಿಲ್ಲಿಸಿ ನೋಡಿಕೊಳ್ಳುವುದು ಎಲೆಕ್ಟ್ರಿಷಿಯನ್ ಕೆಲಸವೇ ಆದ್ದರಿಂದ, ಅದನ್ನು ಸರಿಪಡಿಸಿದ್ದಕ್ಕೆ ಬಿಲ್ ಮಾಡುವಂತಿಲ್ಲ. ಆದರೆ ಎಳೆದಿಟ್ಟ ವೈರಿಗೆ ಫಾಲ್ಸ್ ಸೀಲಿಂಗ್‌ನವರು ಡ್ರಿಲ್ ಹೊಡೆದು ಶಾರ್ಟ್ ಆದರೆ ಅದು ನಿಜಕ್ಕೂ ಹೆಚ್ಚುವರಿ. ಆಗ ಡ್ರಿಲ್ ಬಿದ್ದ ಜಾಗದ ಫೋಟೊ, ಹಾಳಾದ ವೈರಿನ ಫೋಟೊ ಅದೇ ದಿನ ಮಾಲೀಕರಿಗೆ ಹೋಗಬೇಕು. ವಾರ ಬಿಟ್ಟು ಹೇಳಿದರೆ ಸೀಲಿಂಗ್‌ನವರು ತಮ್ಮ ದುಡ್ಡು ತೆಗೆದುಕೊಂಡು ಹೋಗಿರುತ್ತಾರೆ, ಮಾಲೀಕರಿಗೆ ಅದನ್ನು ಅವರ ಲೆಕ್ಕದಲ್ಲಿ ಹಿಡಿಯುವ ಅವಕಾಶವೇ ಇರುವುದಿಲ್ಲ.

ಇನ್ನೊಂದು ಗೊಂದಲ ಪಾಯಿಂಟ್ ಎಂದರೇನು ಎಂಬುದರಲ್ಲೇ ಇದೆ. ಮೆಟ್ಟಿಲಿನ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ಚು ಇದ್ದರೆ ಅದು ಒಂದು ಪಾಯಿಂಟೋ ಎರಡೋ? ಸ್ವಿಚ್ ಬೋರ್ಡಿನಲ್ಲೇ ಇರುವ ಪ್ಲಗ್ಗು ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಒಬ್ಬೊಬ್ಬರದು ಒಂದೊಂದು ರೂಢಿ. ಕೊಟೇಷನ್‌ನಲ್ಲಿ ಇದನ್ನು ಬರೆದಿರದಿದ್ದರೆ ಹೆಚ್ಚುವರಿ ಯಾವುದು ಎಂದು ತೋರಿಸಲು ಗೆರೆಯೇ ಇಲ್ಲ. ರೂಮುವಾರು ಪಾಯಿಂಟ್ ಪಟ್ಟಿ ಮಾಡಿ, ಕೆಳಗೆ "ಪ್ಲಾಸ್ಟರಿಂಗ್‌ಗೆ ಮೊದಲು ಸೇರಿಸಿದ ಪಾಯಿಂಟ್‌ಗೆ ಇದೇ ದರ, ಆಮೇಲೆ ಸೇರಿಸಿದ್ದಕ್ಕೆ ಅಥವಾ ಜಾಗ ಬದಲಿಸಿದ್ದಕ್ಕೆ ಬೇರೆ ದರ, ಮೊದಲೇ ತಿಳಿಸಿ ಒಪ್ಪಿಗೆ ಪಡೆಯಲಾಗುವುದು" ಎಂದು ಬರೆದರೆ ಮುಂದಿನ ಮಾತೆಲ್ಲ ಸಲೀಸು.

ಹೇಳದೆಯೇ ಕೆಲಸ ಮುಗಿದುಹೋಗಿದ್ದರೆ? ಧೂಳು, ಗಡಿಬಿಡಿ, ನಾಳೆ ಗಾರೆಯವರು ಬರುತ್ತಾರೆ ಎಂಬ ಅವಸರದ ನಡುವೆ ಹಾಗಾಗುವುದುಂಟು. ಆಗ ನೇರವಾಗಿ ಬಿಲ್ ಕಳಿಸಬಾರದು. ಮೊದಲು ಮುಖತಃ ಹೋಗಿ ಅಥವಾ ಫೋನ್ ಮಾಡಿ "ಬಿಲ್ ಮಾಡೋಕೆ ಮುಂಚೆ ಒಂದು ಲೆಕ್ಕ ನೋಡ್ಬೇಕು ಸಾರ್, ಇಷ್ಟು ಕೆಲಸ ಕೊಟೇಷನ್‌ಗಿಂತ ಹೆಚ್ಚಾಗಿದೆ, ಆವಾಗಲೇ ದರ ಹೇಳೋದು ನನ್ನಿಂದ ತಪ್ಪಿದೆ" ಎನ್ನಬೇಕು. ಆಮೇಲೆ ಪಟ್ಟಿ. ಸಾಧ್ಯವಾದರೆ ಪಟ್ಟಿ ಹಿಡಿದು ಮನೆ ಸುತ್ತಿ ಒಂದೊಂದು ಪಾಯಿಂಟನ್ನೂ ತೋರಿಸಬೇಕು. ಕಣ್ಣೆದುರು ಕಂಡದ್ದಕ್ಕೆ ತಕರಾರು ಕಡಿಮೆ. ಹೇಳದೆ ಇದ್ದದ್ದರ ಬೆಲೆಯನ್ನು ಸ್ವಲ್ಪ ತಾನೂ ಹೊರಲು ಸಿದ್ಧನಿರಬೇಕು. ನಾನಾಗಿದ್ದರೆ ಆರು ಲೈಟ್ ಪಾಯಿಂಟಿನ 3,000ವನ್ನು ಬಿಡುತ್ತಿರಲಿಲ್ಲ, ಅದು ಪಾಯಿಂಟ್ ಲೆಕ್ಕ, ದರ ಕೊಟೇಷನ್‌ನಲ್ಲೇ ಇದೆ. ಎಸಿ ಬದಲಿಸಿದ 1,800ರಲ್ಲಿ ಅರ್ಧಕ್ಕೆ ಇಳಿಯುತ್ತಿದ್ದೆ, ಯಾಕೆಂದರೆ ಅವರಿಗೆ ಬೇಡ ಎನ್ನುವ ಅವಕಾಶವನ್ನು ಕೊಟ್ಟಿರಲಿಲ್ಲ.

ಕಾನೂನೂ ಹೆಚ್ಚು ಕಡಿಮೆ ಇದೇ ಗೆರೆಯನ್ನು ಹಿಡಿಯುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬ ಇನ್ನೊಬ್ಬನಿಗೆ ನ್ಯಾಯವಾಗಿ ಕೆಲಸ ಮಾಡಿಕೊಟ್ಟು, ಆ ಇನ್ನೊಬ್ಬ ಅದರ ಲಾಭ ಪಡೆದಿದ್ದರೆ, ಅವನು ಪ್ರತಿಫಲ ಕೊಡಬೇಕು. ಇದರ ಮೇಲಿನ ಹೆಸರಾಂತ ತೀರ್ಪು ಹುಟ್ಟಿದ್ದೂ ಕಟ್ಟಡ ಕೆಲಸದಲ್ಲೇ. 1944ರಲ್ಲಿ ಬಂಗಾಳದ ಆರಾಮ್‌ಬಾಗ್‌ನಲ್ಲಿ ಬಿ.ಕೆ. ಮಂಡಲ್ ಅಂಡ್ ಸನ್ಸ್ ಎಂಬ ಗುತ್ತಿಗೆದಾರರು ಸರಕಾರದ ನಾಗರಿಕ ಸರಬರಾಜು ಇಲಾಖೆಗೆ ಗೋದಾಮು ಕಟ್ಟುತ್ತಿದ್ದರು. ಆಮೇಲೆ ಅಧಿಕಾರಿಗಳ ಕೋರಿಕೆಯ ಮೇಲೆ ರಸ್ತೆ, ಕಾವಲುಗಾರರ ಕೋಣೆ, ಅಡುಗೆಮನೆ ಮುಂತಾದ ಇನ್ನಷ್ಟು ಕೆಲಸ ಮಾಡಿಕೊಟ್ಟರು. ವಿಧಿಬದ್ಧ ಕರಾರು ಇರಲಿಲ್ಲ ಎಂಬ ವಾದವನ್ನು ಸರಕಾರ ಹೂಡಿತು. ಸುಪ್ರೀಂ ಕೋರ್ಟ್ ಗುತ್ತಿಗೆದಾರರ ಪರವಾಗಿ ತೀರ್ಪು ಕೊಟ್ಟದ್ದು 1961ರ ಡಿಸೆಂಬರ್‌ನಲ್ಲಿ. ಲಾಭ ಪಡೆದವನಿಗೆ ಅದನ್ನು ಬೇಡವೆನ್ನುವ ಆಯ್ಕೆ ಇರಬೇಕು ಎಂಬ ಮಾತು ಆ ತೀರ್ಪಿನಲ್ಲೂ ಬರುತ್ತದೆ. ಗೆದ್ದರು, ನಿಜ. ಆದರೆ ಕೆಲಸ ಮಾಡಿದ್ದು 1944ರಲ್ಲಿ. 9,300 ರೂಪಾಯಿಗೆ ಆ ದಾರಿ ಹಿಡಿಯುವವರು ಯಾರು?

ಇನ್ನು ಬಿಲ್ಲು. ಕೊಟೇಷನ್ ಮೊತ್ತ 54,000 ಮೇಲೆ, ಅದರಲ್ಲಿ ಬಂದಿರುವ ಮುಂಗಡ ಕಳೆದು. ಅದರ ಕೆಳಗೆ ಹೆಚ್ಚುವರಿಗಳು ಒಂದೊಂದು ಸಾಲಿನಲ್ಲಿ, ಪ್ರತಿ ಸಾಲಿನ ಪಕ್ಕದಲ್ಲಿ ಅವರು ಒಪ್ಪಿದ ತಾರೀಕು. ಜಿಎಸ್‌ಟಿ ನೋಂದಣಿ ಇದ್ದು ತೆರಿಗೆ ಹಾಕುವುದಾದರೆ ಅದು ಮೆಸೇಜಿನಲ್ಲಿ ಹೇಳಿದ ದರದೊಳಗೇ ಇತ್ತೋ ಹೊರಗೋ ಎಂಬುದು ಆಗಲೇ ಸ್ಪಷ್ಟವಾಗಿರಬೇಕು. ಬಿಲ್ಲಿನಲ್ಲಿ ಮೊದಲ ಸಲ ಕಾಣಿಸಿಕೊಂಡ ತೆರಿಗೆಯೂ ಹೇಳದೆ ಮಾಡಿದ ಕೆಲಸದಷ್ಟೇ ಕಿರಿಕಿರಿ. ಗೇಟಿನ ಬೆಲ್ಲಿಗೆ ದುಡ್ಡು ಬೇಡ ಎಂದುಕೊಂಡಿದ್ದರೂ ಆ ಸಾಲನ್ನು ಬಿಡಬಾರದು. "ಗೇಟ್ ಬೆಲ್ ಸ್ವಿಚ್, 1 ಪಾಯಿಂಟ್, ಉಚಿತ" ಎಂದು ಬರೆಯಬೇಕು. ಇಲ್ಲವಾದರೆ ಅದೂ ಕೊಟೇಷನ್‌ನಲ್ಲೇ ಇತ್ತು ಎಂದು ಮಾಲೀಕರು ಅಂದುಕೊಳ್ಳುತ್ತಾರೆ, ಪಕ್ಕದ ಸೈಟಿನವರಿಗೂ ಹಾಗೆಯೇ ಹೇಳುತ್ತಾರೆ.

ಯಾವುದಾದರೂ ಒಂದು ಸಾಲಿಗೆ ಒಪ್ಪಿಗೆ ಸಿಗದೆ ಮಾತು ಬಾಕಿ ಉಳಿದಿದ್ದರೆ, ಕ್ಯಾಮೆರಾದ 2,000 ಎಂದಿಟ್ಟುಕೊಳ್ಳಿ, ಅದನ್ನು ಈ ಬಿಲ್ಲಿನಿಂದ ತೆಗೆದು ಬೇರೆ ಹಾಳೆಯಲ್ಲಿ ಬರೆದುಕೊಡುವುದು ವಾಸಿ. ಒಂದು ಸಾಲಿನ ತಕರಾರಿಗೆ ಇಡೀ ಬಿಲ್ ನಿಂತುಹೋಗುವುದು ಹೀಗೆ ತಪ್ಪುತ್ತದೆ. ಉಳಿದ 61,300ರಲ್ಲಿ ಬರಬೇಕಾದ ಬಾಕಿ ಗೃಹಪ್ರವೇಶಕ್ಕೆ ಮೊದಲು ಕೈಸೇರಲಿ, ಕ್ಯಾಮೆರಾ ಹಾಕುವವರು ಬಂದು ಆ ಪೈಪುಗಳಲ್ಲಿ ಕೇಬಲ್ ಎಳೆದ ದಿನ ಉಳಿದ 2,000ದ ಮಾತನ್ನು ಭಾವಮೈದುನರ ಎದುರಿಗೇ ಮತ್ತೆ ಎತ್ತಬಹುದು.